ಪಟ್ಟಿಯ ಏಳನೆಯ ಸಾಲು

ನನ್ನನ್ನು ವಿದ್ಯಾರ್ಥಿಗಳು ದೊಡ್ಡಕ್ಷರದ ಮೇಡಂ ಎಂದು ಕರೆಯುತ್ತಾರೆ. ನನ್ನ ಬೆನ್ನ ಹಿಂದೆ ಕರೆಯುತ್ತೇವೆ ಎಂದು ಅವರ ಭ್ರಮೆ, ನನ್ನ ಕಿವಿಗೆ ಬೀಳದ ಮಾತು ಆ ಕಟ್ಟಡದಲ್ಲಿ ಇಲ್ಲ. ಹೆಸರೇನೂ ಬೇಸರದ್ದಲ್ಲ. ಹನ್ನೊಂದು ವರ್ಷ ಒಂದೇ ತರಬೇತಿ ಕೇಂದ್ರದಲ್ಲಿ ಪ್ರೋಗ್ರಾಮಿಂಗ್ ಕಲಿಸಿದವಳಿಗೆ ಇದಕ್ಕಿಂತ ಕೆಟ್ಟ ಹೆಸರು ಬರಬಹುದಿತ್ತು.

ಮೊದಲ ವರ್ಷ ನಾನೂ ಎಲ್ಲರ ಹಾಗೆಯೇ ಪ್ರೊಜೆಕ್ಟರಿನ ವಯರ್ ಸಿಕ್ಕಿಸಿ ಪಾಠ ಶುರು ಮಾಡುತ್ತಿದ್ದೆ. ಪರದೆಯ ಮೇಲೆ ಇರುವೆ ಸಾಲಿನಂಥ ಅಕ್ಷರ, ಎಡಗಡೆ ಫೈಲುಗಳ ಪಟ್ಟಿ, ಕೆಳಗೊಂದು ನೀಲಿ ಪಟ್ಟಿ, ಮೂಲೆಯಲ್ಲಿ ಏನೇನೋ ಚಿಹ್ನೆ. ಮೂರು ತಿಂಗಳಾದ ಮೇಲೆ ಕೊನೆಯ ಬೆಂಚಿನ ಹುಡುಗಿಯೊಬ್ಬಳ ಪುಸ್ತಕ ತೆರೆದು ನೋಡಿದರೆ ಅದರಲ್ಲಿ ಪಕ್ಕದವಳ ತಪ್ಪುಗಳೆಲ್ಲ ಅಚ್ಚುಕಟ್ಟಾಗಿ ನಕಲಾಗಿದ್ದವು. ಪರದೆ ಕಾಣಿಸುತ್ತಲೇ ಇರಲಿಲ್ಲವಂತೆ. ಯಾಕೆ ಹೇಳಲಿಲ್ಲ ಎಂದರೆ, ಎಲ್ಲರೂ ಸುಮ್ಮನಿದ್ದರು ಮೇಡಂ, ನಾನೂ ಸುಮ್ಮನಿದ್ದೆ ಎಂದಳು. ಅವತ್ತು ನನ್ನ ಮೇಲೆ ನನಗೇ ಮೈಯೆಲ್ಲ ಉರಿದಿತ್ತು.

ಅದಾದ ಮೇಲೆ ಇನ್ನೊಂದು ಘಟನೆ. ಪಾಠ ನಡೆಯುತ್ತಿರುವಾಗ ಪರದೆಯ ಮೂಲೆಯಲ್ಲಿ ನನ್ನ ಗಂಡನ ಮೆಸೇಜು ಚಿಮ್ಮಿತು: ಬರುವಾಗ ಸೊಳ್ಳೆ ಬತ್ತಿ ತಾ. ಅದು ಮಾಯವಾಗುವ ಮೊದಲೇ ಎರಡನೆಯದು: ನಿಮ್ಮಮ್ಮ ಮತ್ತೆ ಫೋನ್ ಮಾಡಿದ್ದರು, ಇವತ್ತೂ ಅದೇ ಪುರಾಣ. ಮೂವತ್ತೆರಡು ಜನ ಬಿದ್ದು ಬಿದ್ದು ನಕ್ಕರು. ವಾರವಿಡೀ ನಾನು ಒಳಗೆ ಬಂದರೆ ಸಾಕು, ಯಾರಾದರೊಬ್ಬರು ಸೊಳ್ಳೆ ಹೊಡೆಯುವವರ ಹಾಗೆ ಚಪ್ಪಾಳೆ ತಟ್ಟುತ್ತಿದ್ದರು. ಗಂಡನಿಗೆ ಹೇಳಿದರೆ ಅವನೂ ನಕ್ಕ. ನನ್ನ ಕಡೆಯವರು ಎಂದು ಯಾರೂ ಇರಲಿಲ್ಲ.

ಹೀಗೆ ಅವಮಾನ ಪಟ್ಟು ಪಟ್ಟು ನನ್ನ ಪಟ್ಟಿ ತಯಾರಾಯಿತು. ಪಾಠಕ್ಕೆ ಹತ್ತು ನಿಮಿಷ ಮುಂಚೆ ಹೋಗಿ ಅದರಂತೆ ಎಲ್ಲ ಹೊಂದಿಸುತ್ತೇನೆ. ಆಮೇಲೆ ಕೊನೆಯ ಬೆಂಚಿನಲ್ಲಿ ಕೂತು ನಾನೇ ಓದಿ ನೋಡುತ್ತೇನೆ. ಉಳಿದ ಅಧ್ಯಾಪಕರಿಗೆ ಇದು ತಮಾಷೆ. ಮದುವೆ ಮನೆ ಶೃಂಗಾರ ಮುಗೀತಾ ಎಂದು ಕೇಳುತ್ತಿದ್ದರು. ಕೇಳಲಿ, ಅವರ ಕೊನೆಯ ಬೆಂಚು ಏನು ನಕಲು ಮಾಡುತ್ತಿದೆ ಎಂದು ಅವರು ಒಂದು ದಿನವಾದರೂ ಎದ್ದು ಹೋಗಿ ನೋಡಿದ್ದಿಲ್ಲ.

ನನ್ನ ಪಟ್ಟಿಯನ್ನು ನಗದೆ ಕೇಳಿದವಳು ಒಬ್ಬಳೇ. ಅವಳನ್ನು ಎಲ್ಲರೂ ಮರಿ ಮೇಡಂ ಎನ್ನುತ್ತಿದ್ದರು, ನನಗೆ ಬರೀ ಮರಿ. ಐದು ವರ್ಷದ ಹಿಂದೆ ನನ್ನ ಲ್ಯಾಬಿಗೆ ಬಂದಾಗ ಮೌಸ್ ಹಿಡಿಯಲೂ ಹೆದರುತ್ತಿದ್ದಳು. ಮೊದಲ ಪ್ರೋಗ್ರಾಂ ಬರೆದದ್ದು ನನ್ನ ಲ್ಯಾಬಿನಲ್ಲಿ, ಮೊದಲ ಪಾಠ ಮಾಡಿದ್ದೂ ನನ್ನ ತರಗತಿಗೆ. ಕಲಿತು ಮುಗಿದ ಮೇಲೆ ಅಲ್ಲೇ ತಾತ್ಕಾಲಿಕ ಅಧ್ಯಾಪಕಿಯಾಗಿ ಸೇರಿದಳು. ನಾನೂ ತಾತ್ಕಾಲಿಕವೇ. ಹನ್ನೊಂದು ವರ್ಷದಿಂದ ಪ್ರತಿ ಬೇಸಿಗೆಯಲ್ಲೂ ಮುಂದಿನ ವರ್ಷ ಇದ್ದೇನೋ ಇಲ್ಲವೋ ಎಂದು ಪ್ರಾಂಶುಪಾಲರ ಬಾಗಿಲಲ್ಲಿ ನಿಂತು ತಿಳಿದುಕೊಳ್ಳುವ ತಾತ್ಕಾಲಿಕ. ಅವಳು ನನ್ನನ್ನು ಅಕ್ಕ ಎನ್ನುತ್ತಿದ್ದಳು. ನನಗೆ ತಂಗಿ ಇಲ್ಲ, ಇದ್ದಿದ್ದರೂ ಹೇಳಿದ ಮಾತನ್ನು ಇಷ್ಟು ಕೇಳುತ್ತಿರಲಿಲ್ಲ.

ಈ ವರ್ಷ ಒಂದು ಕಾಯಂ ಹುದ್ದೆ ಬಂತು. ಒಂದೇ ಒಂದು. ಅರ್ಜಿ ಹಾಕಿದವರಲ್ಲಿ ಕೊನೆಗೆ ಉಳಿದವರು ನಾನು ಮತ್ತು ಮರಿ. ಇಬ್ಬರೂ ಆಯ್ಕೆ ಸಮಿತಿಯ ಮುಂದೆ, ನಿಜವಾದ ವಿದ್ಯಾರ್ಥಿಗಳಿಗೆ, ಇಪ್ಪತ್ತು ನಿಮಿಷ ಪಾಠ ಮಾಡಬೇಕು. ಸಮಿತಿಯಲ್ಲಿ ಪ್ರಾಂಶುಪಾಲರು ಮತ್ತು ಹೊರಗಿನಿಂದ ಬರುವ ಒಬ್ಬ ತಜ್ಞೆ. ಇಬ್ಬರಿಗೂ ಸಮಾನವಾಗಿರಲಿ ಎಂದು ಸಭಾಂಗಣದ ಹೊಸ ಲ್ಯಾಪ್‌ಟಾಪನ್ನೇ ಬಳಸಬೇಕೆಂದು ನಿಯಮ ಮಾಡಿದರು. ಲ್ಯಾಪ್‌ಟಾಪು ಎಷ್ಟು ಹೊಸದೆಂದರೆ ಅದರ ಮೇಲಿನ ತೆಳು ಪ್ಲಾಸ್ಟಿಕ್ಕನ್ನೂ ಯಾರೂ ಕಿತ್ತಿರಲಿಲ್ಲ.

ಅದನ್ನು ಸಿದ್ಧಪಡಿಸುವ ಕೆಲಸವನ್ನು ಪ್ರಾಂಶುಪಾಲರು ನನಗೇ ವಹಿಸಿದರು. ಇದೆಲ್ಲ ನಿಮಗೇ ಚೆನ್ನಾಗಿ ಗೊತ್ತಲ್ಲ ಎಂದರು. ಗೊತ್ತಿರುವುದೇ ನನ್ನ ಕರ್ಮ. ಸಭಾಂಗಣ ಹಿಂದಿನ ದಿನ ಬೆಳಿಗ್ಗೆ ಅರ್ಧ ಗಂಟೆ ಮಾತ್ರ ಖಾಲಿ, ಆಮೇಲೆ ಅಲ್ಲಿ ಬೇರೆ ಸಭೆಗಳು. ಅಭ್ಯಾಸ ಮಾಡುವುದಿದ್ದರೆ ನಮ್ಮ ನಮ್ಮ ಲ್ಯಾಬಿನಲ್ಲೇ ಮಾಡಿಕೊಳ್ಳಬೇಕಿತ್ತು.

ಹೋಗಿ ಪ್ಲಾಸ್ಟಿಕ್ ಕಿತ್ತು, ಕೋಡ್ ಬರೆಯುವ ಎಡಿಟರನ್ನು ತೆರೆದೆ. ಹೊಸದಾಗಿ ಹಾಕಿದ್ದರು, ಹಾಗಾಗಿ ನನ್ನ ಲ್ಯಾಬಿನ ಯಾವ ಸೆಟ್ಟಿಂಗೂ ಅದರಲ್ಲಿ ಇರಲಿಲ್ಲ. ಒಂದೊಂದಾಗಿ ಮಾಡುತ್ತಾ ಬಂದೆ. ಅಕ್ಷರ ದೊಡ್ಡದು ಮಾಡಿ ಪರೀಕ್ಷೆಗೆಂದು ಎರಡು ಸಾಲು ಬರೆದಾಗ, ಮೇಲೆ ಫೈಲಿನ ಹೆಸರಿನ ಪಕ್ಕದಲ್ಲಿ ಒಂದು ದುಂಡನೆಯ ಬಿಳಿ ಚುಕ್ಕೆ ಮೂಡಿತು. ಬರೆದದ್ದು ಇನ್ನೂ ಸೇವ್ ಆಗಿಲ್ಲ ಎಂದು ಅದರ ಅರ್ಥ. ನನ್ನ ಬೆರಳು ತನ್ನಷ್ಟಕ್ಕೆ ಸೇವ್ ಒತ್ತಿತು, ಚುಕ್ಕೆ ಹೋಯಿತು. ಕರೆಂಟು ಯಾವಾಗ ಬೇಕಾದರೂ ಕೈಕೊಡುತ್ತಿದ್ದ ಕಾಲದಲ್ಲಿ ಕಲಿತವಳು ನಾನು. ಎರಡು ಸಾಲಿಗೊಮ್ಮೆ ಸೇವ್ ಒತ್ತುವುದು ನನಗೆ ರೆಪ್ಪೆ ಬಡಿದ ಹಾಗೆ.

ನನ್ನ ಲ್ಯಾಬಿನ ಕಂಪ್ಯೂಟರುಗಳು ಹಾಗಲ್ಲ. ವಿದ್ಯಾರ್ಥಿಗಳು ಸೇವ್ ಮಾಡಲು ಮರೆತು, ಹಳೆಯ ಪ್ರೋಗ್ರಾಮನ್ನೇ ಓಡಿಸಿ, ಉತ್ತರ ತಪ್ಪು ಬಂತೆಂದು ಅಳುವುದನ್ನು ನೋಡಲಾರದೆ ಎಲ್ಲದರಲ್ಲೂ, ಬರೆದದ್ದು ತಾನಾಗಿಯೇ ಸೇವ್ ಆಗುವ ಆಟೋ ಸೇವ್ ಹಾಕಿಟ್ಟಿದ್ದೆ. ಅಲ್ಲಿ ಕಲಿತವರ ಕೈಗೆ ಸೇವ್ ಒತ್ತುವ ಅಭ್ಯಾಸವೇ ಇಲ್ಲ. ಮರಿಗೂ ಇಲ್ಲ. ಆ ಅಭ್ಯಾಸ ಬೆಳೆಯದ ಹಾಗೆ ನೋಡಿಕೊಂಡವಳು ನಾನೇ.

ಇದರಲ್ಲೂ ಆಟೋ ಸೇವ್ ಹಾಕಿಬಿಡೋಣ ಎಂದು ಮೆನುವಿನ ಮೇಲೆ ಮೌಸ್ ಇಟ್ಟಿದ್ದೆ. ಅಷ್ಟರಲ್ಲಿ ಮರಿ ನೋಟ್‌ಬುಕ್ ಹಿಡಿದು ಬಂದಳು.

ಅಕ್ಕ, ನೀವು ಮಾಡೋದನ್ನೆಲ್ಲ ಬರ್ಕೊಳ್ತೀನಿ, ನಾಳೆ ಗಾಬರಿಯಲ್ಲಿ ಏನಾದ್ರೂ ಹೆಚ್ಚುಕಡಿಮೆ ಆದ್ರೆ ಕಷ್ಟ ಎಂದಳು. ಹಾಳೆಯ ಮೇಲ್ಗಡೆ ‘ಅಕ್ಕ ಹೇಳಿದ್ದು’ ಎಂದು ಬರೆದು ಅಡಿಗೆರೆ ಎಳೆದಳು. ನಾನು ಮೌಸ್ ಬಿಟ್ಟು ಹೇಳತೊಡಗಿದೆ.

ಒಂದು, ಪ್ರೊಜೆಕ್ಟರ್ ಜೋಡಿಸಿದಾಗ ಎರಡು ಪರದೆಯಲ್ಲೂ ಒಂದೇ ಚಿತ್ರ ಬರುವಂತೆ ಇಡಬೇಕು, ಇಲ್ಲದಿದ್ದರೆ ಪಾಠ ಮಾಡುವಾಗ ಕತ್ತು ಹಿಂದೆ ತಿರುಗಿಸಿಯೇ ಇರಬೇಕಾಗುತ್ತದೆ. ಎರಡು, ಬಿಳಿ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರ. ಬೆಳಕಿರುವ ಕೋಣೆಯಲ್ಲಿ ಕಪ್ಪು ಹಿನ್ನೆಲೆ ಹಾಕಿದರೆ ಬೂದಿ ಬಣ್ಣ ಬಿಟ್ಟು ಏನೂ ಕಾಣುವುದಿಲ್ಲ. ಮೂರು, ಅಕ್ಷರದ ಗಾತ್ರ ಇಪ್ಪತ್ತೆಂಟು, ಮತ್ತು ಉತ್ತರ ಮೂಡುವ ಟರ್ಮಿನಲ್ಲಿಗೆ ಬೇರೆಯೇ ಗಾತ್ರ ಇರುವುದರಿಂದ ಅದನ್ನು ಮರೆಯದೆ ಪ್ರತ್ಯೇಕವಾಗಿ ದೊಡ್ಡದು ಮಾಡಬೇಕು. ನಾಲ್ಕು, ಝೂಮ್. ಕಂಟ್ರೋಲ್ ಮತ್ತು ಪ್ಲಸ್ ಒತ್ತಿದರೆ ಅಕ್ಷರದ ಜೊತೆ ಮೆನು, ಪಟ್ಟಿ ಎಲ್ಲವೂ ಊದಿಕೊಂಡು ಜಾಗ ತಿನ್ನುತ್ತವೆ, ಆದ್ದರಿಂದ ಒಂದೇ ಹಂತ ಸಾಕು, ಆಮೇಲೆ ಕೊನೆಯ ಬೆಂಚಿಗೆ ಹೋಗಿ ನೋಡಬೇಕು. ಐದು, ಝೆನ್ ಮೋಡ್. ಕಂಟ್ರೋಲ್ ಕೆ ಒತ್ತಿ ಬಿಟ್ಟು ಝಡ್ ಒತ್ತಿದರೆ ಪಕ್ಕದ ಪಟ್ಟಿ, ಕೆಳಗಿನ ಪಟ್ಟಿ, ಮೆನು ಎಲ್ಲ ಮಾಯವಾಗಿ ಪರದೆ ತುಂಬ ಕೋಡ್ ಒಂದೇ ಉಳಿಯುತ್ತದೆ. ಹೊರಬರಲು ಎಸ್ಕೇಪ್ ಎರಡು ಸಲ. ಅದು ಸಾಲಿನ ಸಂಖ್ಯೆಯನ್ನೂ ಅಡಗಿಸುತ್ತದೆ, ಮಕ್ಕಳು ಎಷ್ಟನೇ ಸಾಲು ಎಂದು ಕೇಳುವುದರಿಂದ ಸಂಖ್ಯೆ ಮಾತ್ರ ಕಾಣುವಂತೆ ಇಟ್ಟಿದ್ದೇನೆ. ಮೇಲಿನ ಫೈಲ್ ಹೆಸರಿನ ಸಾಲನ್ನು ಮರೆಮಾಡಿದ್ದೇನೆ, ಕಣ್ಣು ಅತ್ತ ಹೋಗುವುದು ಬೇಡ. ಆರು, ನೋಟಿಫಿಕೇಶನ್ ಲ್ಯಾಪ್‌ಟಾಪಿನಲ್ಲೂ ಬಂದ್, ಫೋನಿನಲ್ಲೂ ಬಂದ್.

ಸೊಳ್ಳೆ ಬತ್ತಿ ಎಂದು ಅವಳು ನಕ್ಕಳು. ನಾನೂ ನಕ್ಕೆ. ಏಳು ಎಂದು ಹೇಳಿ ಉಸಿರು ತೆಗೆದುಕೊಂಡೆ. ಅವಳು ‘೭’ ಎಂದು ಬರೆದು ಪೆನ್ನು ಹಿಡಿದು ಕಾದಳು.

ಕಾಯುತ್ತಾ ಸುಮ್ಮನೆ ಇದ್ದಿದ್ದರೆ ಆಗುತ್ತಿತ್ತು. ತಲೆ ತಗ್ಗಿಸಿಕೊಂಡೇ ಹೇಳಿದಳು: “ಪ್ರಾಂಶುಪಾಲರು ನಿನ್ನೆ ಕರೆದು ಮಾತಾಡಿದ್ರು ಅಕ್ಕ. ಸಮಿತಿಗೆ ಹೊಸ ಮುಖ ಬೇಕಂತೆ. ನನಗೇ ಆಗೋ ಹಾಗಿದೆ. ಆದ್ರೂ ನಿಮಗೆ ಬೇಜಾರಿಲ್ಲ ಅಲ್ವಾ? ನೀವು ಹೇಗಿದ್ರೂ ಇಲ್ಲೇ ಇರ್ತೀರಲ್ಲ.”

ಅದರಲ್ಲಿ ವಿಷ ಇರಲಿಲ್ಲ. ಅದೇ ಕಷ್ಟವಾದದ್ದು. ಕುರ್ಚಿ, ಫ್ಯಾನು, ಕಪ್ಪು ಹಲಗೆಯ ಜೊತೆ ನಾನೂ ಅಲ್ಲೇ ಇರುತ್ತೇನೆ ಎಂದು ಅವಳು ಮನಸಾರೆ ನಂಬಿದ್ದಳು. ಹನ್ನೊಂದು ಬೇಸಿಗೆ ಪ್ರಾಂಶುಪಾಲರ ಬಾಗಿಲಲ್ಲಿ ನಿಂತದ್ದು ನಾನು. ನನಗೆ ಹೊಟ್ಟೆಕಿಚ್ಚಾಯಿತು. ಅದನ್ನು ನಾನು ಮುಚ್ಚಿಡುವುದಿಲ್ಲ, ಮುಚ್ಚಿಟ್ಟದ್ದು ಈಗಾಗಲೇ ಸಾಕಷ್ಟಿದೆ.

“ಏಳನೇದು ಏನಕ್ಕ?” ಎಂದಳು.

“ಅಂಥದ್ದೇನಿಲ್ಲ. ನಾಳೆ ಹೇಳ್ತೀನಿ,” ಎಂದೆ.

ಅವಳು ಸಂಖ್ಯೆಯ ಮುಂದೆ ಜಾಗ ಬಿಟ್ಟು ಹಾಳೆ ಮಡಚಿಟ್ಟುಕೊಂಡಳು. ನಾನು ಆಟೋ ಸೇವ್‌ನ ಮೆನುವಿಗೆ ಮರಳದೆ ಝೆನ್ ಮೋಡ್ ಹಾಕಿದೆ. ಫೈಲಿನ ಹೆಸರು, ಅದರ ಪಕ್ಕ ಚುಕ್ಕೆ ಮೂಡುವ ಜಾಗ, ಎಲ್ಲ ಮರೆಯಾಯಿತು. ಪರದೆ ತೊಳೆದಿಟ್ಟ ತಟ್ಟೆಯ ಹಾಗೆ ಸ್ವಚ್ಛವಾಗಿತ್ತು. ಅಷ್ಟರಲ್ಲಿ ಜವಾನ ಬಂದು ಸಭೆಗೆ ಹೊತ್ತಾಯಿತೆಂದು ನಮ್ಮನ್ನು ಹೊರಡಿಸಿದ.

ಮನೆಯಲ್ಲಿ ಗಂಡ ಎಲ್ಲ ತಯಾರಾಯಿತಾ ಎಂದು ಕೇಳಿದ. ಆಯಿತು ಎಂದೆ. ಈ ಸಲವಾದರೂ ಸಿಗಲಿ, ನಿನ್ನ ಮುಖ ನೋಡಲಾಗುವುದಿಲ್ಲ ಪ್ರತಿ ಬೇಸಿಗೆಯಲ್ಲೂ ಎಂದ. ಅವನು ಅಪರೂಪಕ್ಕೆ ಒಳ್ಳೆಯ ಮಾತಾಡಿದ ದಿನವೂ ಅದೇ ಆಗಬೇಕೇ! ನಾಳೆ ಹೇಳಿದರಾಯಿತು, ನಾಳೆ ಹೇಳುತ್ತೇನೆ ಎಂದೇ ನಾನು ನನಗೆ ಹೇಳಿಕೊಂಡೆ. ಮೋಸ ಮಾಡುವವರು ಯಾರೂ ಮೋಸ ಮಾಡುತ್ತೇನೆ ಎಂದುಕೊಂಡು ಮಲಗುವುದಿಲ್ಲ.

ಮರುದಿನ ಮೊದಲು ಅವಳ ಪಾಠ. ಅವಳು ಹಾಳೆ ಕೈಯಲ್ಲಿ ಹಿಡಿದು ಒಂದೊಂದೇ ಅಂಶಕ್ಕೆ ಟಿಕ್ ಹಾಕುತ್ತಾ, ಕೊನೆಯ ಬೆಂಚಿಗೂ ಹೋಗಿ ಕೂತು ನೋಡಿ ಬಂದಳು. ಬಾಗಿಲ ಬಳಿ ನಿಂತಿದ್ದ ನನ್ನತ್ತ ಒಮ್ಮೆ ನೋಡಿದಳು. ಆ ಏಳನೆಯದು ಕೇಳುತ್ತಾಳೆ ಎಂದುಕೊಂಡೆ, ಕೇಳಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ಅಷ್ಟರಲ್ಲಿ ಪ್ರಾಂಶುಪಾಲರು ತಜ್ಞೆಯೊಂದಿಗೆ ಒಳಗೆ ಬಂದರು. ನಾನು ಮೂರನೆಯ ಸಾಲಿನಲ್ಲಿ ಕೂತೆ.

ಮರಿ ಚೆನ್ನಾಗಿ ಶುರು ಮಾಡಿದಳು. ಒಂದರಿಂದ ಐದರವರೆಗೆ ಅಂಕಿಗಳನ್ನು ಮುದ್ರಿಸುವ ಚಿಕ್ಕ ಪ್ರೋಗ್ರಾಂ, ಮನೆಯಿಂದಲೇ ಬರೆದು ತಂದದ್ದು. ಐದರವರೆಗೆ ಬೇಕಾದರೆ ಕೋಡಿನಲ್ಲಿ ಆರು ಎಂದು ಬರೆಯಬೇಕು, ಕೊನೆಯ ಅಂಕಿ ಲೆಕ್ಕಕ್ಕೆ ಸೇರುವುದಿಲ್ಲ ಎನ್ನುವುದೇ ಪಾಠ. ಟರ್ಮಿನಲ್ ತೆರೆದು ಓಡಿಸಿದಳು. ಒಂದು, ಎರಡು, ಮೂರು, ನಾಲ್ಕು, ಐದು. ತಜ್ಞೆ ತಲೆಯಾಡಿಸಿ ಏನೋ ಬರೆದುಕೊಂಡರು. ಹಾಗಾದರೆ ಹತ್ತರವರೆಗೆ ಬೇಕಾದರೆ ಎಂದು ಮರಿ ಕೇಳಿದಳು. ಹನ್ನೊಂದು ಎಂದು ಇಡೀ ತರಗತಿ ಕೂಗಿತು. ಅವಳು ಆರು ಅಳಿಸಿ ಹನ್ನೊಂದು ಬರೆದು, ಟರ್ಮಿನಲ್ಲಿನಲ್ಲಿ ಮತ್ತೆ ಓಡಿಸಿದಳು.

ಒಂದು, ಎರಡು, ಮೂರು, ನಾಲ್ಕು, ಐದು.

ಅವಳು ಮತ್ತೆ ಓಡಿಸಿದಳು. ಮತ್ತೆ ಐದಕ್ಕೇ ನಿಂತಿತು. ಪರದೆಯ ಮೇಲೆ ಹನ್ನೊಂದು ಎಂಬುದು ಅಂಗೈಯಗಲ ಕಾಣುತ್ತಿತ್ತು, ಅಷ್ಟು ದೊಡ್ಡ ಅಕ್ಷರ ಮಾಡಿಕೊಟ್ಟಿದ್ದೆ ನಾನು. ಕೋಡ್ ಸರಿಯಿದೆ, ಉತ್ತರ ತಪ್ಪಿದೆ ಎಂದು ಕೊನೆಯ ಬೆಂಚಿಗೂ ಸ್ಪಷ್ಟವಾಗಿ ಗೊತ್ತಾಗುತ್ತಿತ್ತು. ಕಾಣದೆ ಇದ್ದದ್ದು ಒಂದು ಚುಕ್ಕೆ ಮಾತ್ರ. ಅವಳು ಬದಲಿಸಿದ್ದು ಪರದೆಯ ಮೇಲಷ್ಟೇ ಇತ್ತು, ಓಡುತ್ತಿದ್ದದ್ದು ಡಿಸ್ಕಿನಲ್ಲಿದ್ದ ಹಳೆಯ ಫೈಲು.

ಮರಿ ಸಾಲನ್ನು ಪೂರ್ತಿ ಅಳಿಸಿ ಮತ್ತೆ ಬರೆದಳು. ಇಪ್ಪತ್ತು ಎಂದು ಬರೆದು ನೋಡಿದಳು. ಐದು. ಕೊನೆಯ ಅಂಕಿ ಸೇರುವುದಿಲ್ಲವಲ್ಲ, ಅದಕ್ಕೇ ಹೀಗೆ ಎಂದು ಏನೋ ಹೇಳಲು ಹೋದಳು. ತಜ್ಞೆ ಮೆತ್ತಗೆ ಕೇಳಿದರು:

“ಸೇರದಿದ್ರೆ ಹತ್ತೊಂಬತ್ತು ಬರಬೇಕಿತ್ತಲ್ಲಮ್ಮ. ಐದು ಎಲ್ಲಿಂದ ಬಂತು?”

ತಜ್ಞೆಗೆ ಕಾರಣ ಗೊತ್ತಿತ್ತು, ನನಗೆ ಅದು ಖಾತ್ರಿ. ಇವಳಿಗೆ ಹೊಳೆಯುತ್ತದೆಯೇ ಎಂದು ಕಾಯುತ್ತಿದ್ದರು. ಇವಳಿಗೆ ಹೊಳೆಯುವಂತಿರಲಿಲ್ಲ. ಮರಿ ನನ್ನ ಕಡೆ ನೋಡಿದಳು. ನನ್ನ ಬೆರಳುಗಳು ಬ್ಯಾಗಿನ ಕೆಳಗೆ ತಾವಾಗಿಯೇ ಸೇವ್ ಮಾಡುವ ಕಂಟ್ರೋಲ್ ಎಸ್ ಒತ್ತಿದವು. ಎರಡೇ ಎರಡು ಕೀಲಿ. ನಾನು ಕಣ್ಣನ್ನು ಪರದೆಯತ್ತ ತಿರುಗಿಸಿಕೊಂಡೆ. ಯಾರೋ ಒಬ್ಬ ಹುಡುಗ ಕಂಪ್ಯೂಟರಿಗೆ ಐದರ ಮೇಲೆ ಲೆಕ್ಕ ಬರಲ್ವೇನೋ ಎಂದ, ಎಲ್ಲರೂ ನಕ್ಕರು. ಆಮೇಲೆ ಹನ್ನೆರಡು ನಿಮಿಷ ಅವಳು ಏನು ಹೇಳಿದಳೋ ಅವಳಿಗೂ ತಿಳಿದಿರಲಿಕ್ಕಿಲ್ಲ. ಅವಳ ಕುತ್ತಿಗೆ ಕೆಂಪಾಗಿತ್ತು. ಗಂಟೆ ಹೊಡೆದಾಗ ವಿದ್ಯಾರ್ಥಿಗಳಿಗೆ ಸಾರಿ ಕೇಳಿ ಕೂತಳು.

ಮುಂದೆ ನನ್ನ ಸರದಿ. ನನ್ನ ಫೈಲು ತೆರೆಯಲು ಎಸ್ಕೇಪ್ ಎರಡು ಸಲ ಒತ್ತಿದೆ. ಅಡಗಿದ್ದದ್ದೆಲ್ಲ ಒಮ್ಮೆಲೇ ಪರದೆಗೆ ಬಂತು. ಮೇಲೆ ಅವಳ ಫೈಲಿನ ಹೆಸರು, ಪಕ್ಕದಲ್ಲಿ ಆ ಚುಕ್ಕೆ. ಝೂಮ್ ಹಾಕಿದ್ದರಿಂದ ಅದೂ ಊದಿಕೊಂಡು ಕಾಣುತ್ತಿತ್ತು. ಮರಿ ತಲೆ ಎತ್ತಿರಲಿಲ್ಲ. ನಾನು ಅವಸರವಾಗಿ ನನ್ನ ಫೈಲು ತೆರೆದು ಮತ್ತೆ ಝೆನ್ ಮೋಡ್ ಹಾಕಿದೆ. ಪಾಠ ಚೆನ್ನಾಗಿಯೇ ಆಯಿತು. ಹನ್ನೊಂದು ವರ್ಷ ಮಾಡಿದ ಪಾಠ, ಆಗದೆ ಏನು? ಮುಗಿದ ಮೇಲೆ ತಜ್ಞೆ ಹತ್ತಿರ ಬಂದು, ಪ್ರತಿ ಸಲವೂ ಸೇವ್ ಒತ್ತಿದಿರಿ, ಗಮನಿಸಿದೆ, ಒಳ್ಳೆಯ ಅಭ್ಯಾಸ ಎಂದರು. ಪರದೆಯ ಸಿದ್ಧತೆಯನ್ನೂ ಹೊಗಳಿದರು. ಅವರ ನೋಟ ನನ್ನ ಮುಖದ ಮೇಲೆ ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚು ನಿಂತಿತು. ಅಥವಾ ನನಗೆ ಹಾಗೆ ಅನ್ನಿಸಿತು.

ಹುದ್ದೆ ನನಗೇ ಆಯಿತು. ಗಂಡ ಅಕ್ಕಪಕ್ಕದ ಮನೆಗೆಲ್ಲ ಸಿಹಿ ಹಂಚಿದ. ಮರಿಯನ್ನು ಈ ವರ್ಷ ಮುಂದುವರಿಸಲಾಗುವುದಿಲ್ಲ ಎಂದು ಪ್ರಾಂಶುಪಾಲರು ಹೇಳಿದರು. ಗಾಬರಿಯಾದರೆ ಪಾಠ ಕೈತಪ್ಪುತ್ತದೆ ಎಂದು ಸಮಿತಿ ಬರೆದಿತ್ತಂತೆ. ಅವಳಿಗೆ ಒಂದು ಕೊರಿಯರ್ ಕಚೇರಿಯಲ್ಲಿ ವಿಳಾಸ ಟೈಪ್ ಮಾಡುವ ಕೆಲಸ ಸಿಕ್ಕಿತು.

ಮೂರು ವಾರದ ಮೇಲೆ ಲ್ಯಾಬಿನ ಬೀಗದಕೈ ಹಿಂದಿರುಗಿಸಲು ಬಂದಳು. ಬೀಗದಕೈ ಮೇಜಿನ ಮೇಲಿಟ್ಟು, ಬ್ಯಾಗಿನಿಂದ ಆ ಹಾಳೆ ತೆಗೆದು ನನ್ನ ಮುಂದೆ ಬಿಡಿಸಿದಳು. ಆರರವರೆಗೂ ಟಿಕ್. ಏಳರ ಮುಂದೆ ಖಾಲಿ ಬಿಟ್ಟಿದ್ದ ಜಾಗದಲ್ಲಿ ಈಗ ಪೆನ್ಸಿಲಿನಲ್ಲಿ ‘ಸೇವ್ ಒತ್ತಬೇಕು’ ಎಂದು ಬರೆದಿತ್ತು.

“ಅವತ್ತು ಮನೆಗೆ ಹೋಗಿ ಅದೇ ಎಡಿಟರ್ ಹೊಸದಾಗಿ ಹಾಕಿ ನೋಡ್ದೆ. ಆವಾಗ ಗೊತ್ತಾಯ್ತು,” ಎಂದಳು. ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು: “ನೀವು ಹೇಳ್ಬೇಕು ಅಂತಿದ್ದ ಏಳನೇದು ಇದೇನಾ ಅಕ್ಕ?”

ಹೌದು ಎನ್ನಲು ಬಾಯಿ ತೆರೆದೆ. ತೆರೆದ ಬಾಯಿಂದ ಬಂದದ್ದು ಬೇರೆ.

“ಇಲ್ಲಮ್ಮ. ಕಿಟಕಿ ಪರದೆ ಎಳೀಬೇಕು ಅಂತ ಹೇಳೋದಿತ್ತು.”

ಅವಳು ಉಸಿರು ಬಿಟ್ಟಳು. ಹೆಗಲೆರಡೂ ಇಳಿದವು. ಕಣ್ಣಲ್ಲಿ ನೀರು ಬಂತು. “ಸದ್ಯ ಅಕ್ಕ. ಮೂರು ವಾರದಿಂದ ನಿದ್ದೆ ಇಲ್ಲ. ನಿಮಗೆ ಗೊತ್ತಿದ್ದೂ ಹೇಳ್ಲಿಲ್ಲವೇನೋ ಅಂತ ಏನೇನೋ ಅಂದ್ಕೊಂಡ್ಬಿಟ್ಟಿದ್ದೆ. ತಪ್ಪಾಯ್ತು. ಕ್ಷಮಿಸ್ಬಿಡಿ.”

ನಾನು ಪರವಾಗಿಲ್ಲ ಎಂದೆ. ನನ್ನ ನಾಲಿಗೆಯಿಂದಲೇ ಆ ಮಾತು ಬಂತು, ಪರವಾಗಿಲ್ಲ ಎಂದು. ಅವಳು ನನ್ನ ಮೇಜಿನ ಮೇಲಿದ್ದ ರಬ್ಬರ್ ತೆಗೆದುಕೊಂಡು ಪೆನ್ಸಿಲಿನ ಸಾಲನ್ನು ಅಳಿಸಿ, ಹಾಳೆಯ ಮೇಲಿನ ಪುಡಿಯನ್ನು ಊದಿದಳು. ಪೆನ್ನಿನಲ್ಲಿ ‘ಕಿಟಕಿ ಪರದೆ ಎಳೆಯಬೇಕು’ ಎಂದು ಬರೆದಳು. ನನಗಂತೂ ಇನ್ನು ಇದು ಬೇಕಾಗಲ್ಲ, ಹೊಸಬರಿಗೆ ಉಪಯೋಗ ಆಗುತ್ತೆ ಎಂದು ಹಾಳೆಯನ್ನು ನನ್ನ ಕೈಗೆ ಕೊಟ್ಟು ಹೊರಟಳು.

ಹಾಳೆಯನ್ನು ಪ್ರಾಂಶುಪಾಲರು ನೋಡಿ ಮೆಚ್ಚಿ, ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಸಭಾಂಗಣದ ಗೋಡೆಗೆ ಅಂಟಿಸಿದ್ದಾರೆ. ಮೇಲೆ ಅವಳ ಕೈಬರಹದಲ್ಲಿ ‘ಅಕ್ಕ ಹೇಳಿದ್ದು’ ಎಂದೇ ಇದೆ. ಆ ಲ್ಯಾಪ್‌ಟಾಪಿನಲ್ಲಿ ನಾನು ಆಟೋ ಸೇವ್ ಹಾಕಿದ್ದೇನೆ. ನನ್ನ ಪಾಠ ಈಗ ಅಲ್ಲೇ ನಡೆಯುತ್ತದೆ. ಆ ಕಿಟಕಿ ಉತ್ತರಕ್ಕಿದೆ, ಅಲ್ಲಿಂದ ಎಂದೂ ಬಿಸಿಲು ಬಿದ್ದಿಲ್ಲ. ಆದರೂ ದಿನಾ ಪಾಠಕ್ಕೆ ಮುಂಚೆ ಹೋಗಿ ಅದರ ಪರದೆ ಎಳೆಯುತ್ತೇನೆ.